ಬೀಗರೂಟದ ಮರುದಿನ ಬಂದ ಎಲ್‌ಎಫ್‌ಟಿ

ಮಂಡ್ಯದಲ್ಲಿ ನನ್ನದು ಚಿಕ್ಕ ಕ್ಲಿನಿಕ್. ಲಿವರಿನ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿಯ ರಿಪೋರ್ಟ್ ನೋಡದ ದಿನವೇ ಇಲ್ಲ. ಆದರೆ ಎರಡು ವರ್ಷದ ಹಿಂದೆ, ಆಷಾಢಕ್ಕೆ ಇನ್ನೊಂದು ವಾರವಿದ್ದಾಗ ಬಂದ ಒಂದು ರಿಪೋರ್ಟನ್ನು ನಾನು ತಪ್ಪಾಗಿ ಓದಿದೆ. ಆಮೇಲಿಂದ ನಾನು ಅದನ್ನು ಓದುವ ಕ್ರಮವೇ ಬೇರೆಯಾಯಿತು. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಒಬ್ಬ ಹುಡುಗ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅವರಿಗೆ ಐವತ್ತು ದಾಟಿದ ವಯಸ್ಸು, ಸ್ವಲ್ಪ ದಪ್ಪ ಮೈ. "ನಿನ್ನೆ ಬೀಗರೂಟ ಇತ್ತು ಸಾ. ಊಟ ಮಾಡ್ಕಂಡು ಬಂದ್ರು, ರಾತ್ರಿ ಹನ್ನೆರಡರ ಮೇಲೆ ಹೊಟ್ಟೆ ಹಿಡ್ಕಂಡು ಒದ್ದಾಡ್ಬುಟ್ರು" ಎಂದ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಬೆನ್ನಿಗೂ ಹಬ್ಬುತ್ತಿತ್ತು, ಎರಡು ಸಲ ವಾಂತಿ. ನನ್ನ ಹತ್ತಿರ ಬರುವ ಹೊತ್ತಿಗೆ ನೋವು ಮುಕ್ಕಾಲು ಪಾಲು ಇಳಿದಿತ್ತು. ಕಣ್ಣಿನ ಬಿಳಿ ಭಾಗದಲ್ಲಿ ತೆಳು ಹಳದಿ ಕಂಡಿತು. ರಕ್ತ ತೆಗೆಸಿದೆ.

ಮಧ್ಯಾಹ್ನ ರಿಪೋರ್ಟ್ ಬಂತು. ಕಣ್ಣು ಹಳದಿ ಮಾಡುವ ಬಿಲಿರುಬಿನ್ ಒಟ್ಟು 2.2, ಅದರಲ್ಲಿ ಡೈರೆಕ್ಟ್ 1.5. ಲಿವರಿನ ಕಿಣ್ವಗಳ ಪೈಕಿ ಎಸ್‌ಜಿಒಟಿ 710, ಎಸ್‌ಜಿಪಿಟಿ 620. ಆಲ್ಕಲೈನ್ ಫಾಸ್ಫಟೇಸ್ 150, ಅಷ್ಟೆ. ಆ ಲ್ಯಾಬಿನಲ್ಲಿ ಎಸ್‌ಜಿಪಿಟಿಯ ಮೇಲಿನ ಮಿತಿ 40, ಫಾಸ್ಫಟೇಸಿನದು 120.

ಇಂಥ ರಿಪೋರ್ಟಿಗೆ ನಮಗೆ ಕಲಿಸಿರುವ ಲೆಕ್ಕ ಸುಲಭ. ಎಸ್‌ಜಿಪಿಟಿ ತನ್ನ ಮಿತಿಯ ಎಷ್ಟು ಪಟ್ಟು ಇದೆಯೋ ಅದನ್ನು, ಫಾಸ್ಫಟೇಸ್ ತನ್ನ ಮಿತಿಯ ಎಷ್ಟು ಪಟ್ಟು ಇದೆಯೋ ಅದರಿಂದ ಭಾಗಿಸಬೇಕು. ಉತ್ತರ 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಏಟು ಲಿವರ್ ಜೀವಕೋಶಗಳಿಗೇ ಬಿದ್ದಿದೆ, ಅಂದರೆ ಹೆಪಟೈಟಿಸ್ ತರಹದ್ದು. 2 ಅಥವಾ ಅದಕ್ಕಿಂತ ಕಡಿಮೆಯಾದರೆ ಪಿತ್ತ ಹರಿಯುವ ದಾರಿಯಲ್ಲಿ ತೊಂದರೆ. ನಡುವೆ ಬಂದರೆ ಮಿಶ್ರ. ಈ ತಾಯಿಯದು 620 ಭಾಗಿಸು 40, ಹದಿನೈದೂವರೆ ಪಟ್ಟು. 150 ಭಾಗಿಸು 120, ಒಂದೂಕಾಲು ಪಟ್ಟು. ಉತ್ತರ 12.4. ಸಂಶಯಕ್ಕೆ ಜಾಗವೇ ಇಲ್ಲ ಅನ್ನಿಸಿತು. ಚೀಟಿಯ ಮೇಲೆ "ಹೆಪಟೈಟಿಸ್" ಎಂದು ಬರೆದು, ವೈರಸ್ ಪರೀಕ್ಷೆಗಳಿಗೆ ರಕ್ತ ಕಳಿಸಿ, ಗುರುವಾರ ಬನ್ನಿ ಎಂದೆ.

ಹುಡುಗ ಕೇಳಿದ: "ಕಾಮಾಲೆ ತಾನೇ ಸಾ? ನಮ್ಮ ನೆಂಟರ ಊರಲ್ಲಿ ಸೊಪ್ಪಿನ ಔಸ್ತಿ ಕೊಡ್ತಾರೆ, ಕೊಡಿಸ್ಬೌದಾ?"

ಬೇಡ ಎಂದೆ. ಆದರೆ ಅವನ ಪ್ರಶ್ನೆ ಹುಟ್ಟಿದ್ದು ನನ್ನ ಮಾತಿನಿಂದಲೇ. ನಾನು ಹೆಪಟೈಟಿಸ್ ಅಂದಿದ್ದನ್ನು ಅವನು ಕಾಮಾಲೆ ಅಂತ ಅರ್ಥ ಮಾಡಿಕೊಂಡ.

ನಾನು ಮರೆತದ್ದು ಗಡಿಯಾರವನ್ನು. ನೋವು ಶುರುವಾಗಿ ಹತ್ತು ಗಂಟೆಗೆ ತೆಗೆದ ರಕ್ತ ಅದು. ಆ ಹತ್ತು ಗಂಟೆಯಲ್ಲಿ ಯಾವ ಕಿಣ್ವ ಏರಲು ಸಾಧ್ಯ, ಯಾವುದು ಏರಲಾರದು ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಲಿವರ್ ಜೀವಕೋಶದ ಒಳಗೆ ಮೊದಲೇ ತುಂಬಿಕೊಂಡಿರುವ ಸರಕು. ಜೀವಕೋಶದ ಗೋಡೆಗೆ ಏಟು ಬಿದ್ದ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೋರುತ್ತವೆ. ಪಿತ್ತಕೋಶದ ಕಲ್ಲೊಂದು ಜಾರಿ ಪಿತ್ತನಾಳದ ತುದಿಯಲ್ಲಿ ಸಿಕ್ಕಿಕೊಂಡಾಗಲೂ ಆಗುವುದು ಇದೇ. ನಾಳದಲ್ಲಿ ಒತ್ತಡ ಹಠಾತ್ತನೆ ಏರುತ್ತದೆ, ಪಿತ್ತ ಹಿಂದಕ್ಕೆ ಒತ್ತುತ್ತದೆ, ಪಿತ್ತಾಮ್ಲಗಳು ಜೀವಕೋಶವನ್ನೇ ಸುಡುತ್ತವೆ. ಹಾಗಾಗಿ ಕಲ್ಲು ಸಿಕ್ಕಿದ ಮೊದಲ ದಿನ ಎಸ್‌ಜಿಪಿಟಿ ಐನೂರು ದಾಟುವುದು ಅಪರೂಪವಲ್ಲ. ಕೆಲವರಲ್ಲಿ ಸಾವಿರವನ್ನೂ ದಾಟುತ್ತದೆ.

ಆಲ್ಕಲೈನ್ ಫಾಸ್ಫಟೇಸಿನ ಕಥೆ ಬೇರೆ. ಅದು ಪಿತ್ತ ಹರಿಯುವ ಸಣ್ಣ ಕಾಲುವೆಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಪಿತ್ತ ನಿಂತಾಗ ರಕ್ತದಲ್ಲಿ ಅದು ಏರುವುದು ಮುಖ್ಯವಾಗಿ ಸೋರಿಕೆಯಿಂದಲ್ಲ. ತಡೆಯಾದ ಪಿತ್ತಾಮ್ಲಗಳು ಜೀವಕೋಶವನ್ನು ಕೆಣಕಿ ಅದನ್ನು ಹೊಸದಾಗಿ ತಯಾರು ಮಾಡಿಸುತ್ತವೆ. ತಯಾರಾಗಲು ಒಂದೆರಡು ದಿನ ಬೇಕು. ಹತ್ತನೇ ಗಂಟೆಯಲ್ಲಿ ಫಾಸ್ಫಟೇಸ್ 150 ಇದೆ ಎಂದರೆ ಪಿತ್ತನಾಳ ಸರಿಯಿದೆ ಎಂದು ಅರ್ಥವಲ್ಲ, ಅದು ಮಾತಾಡುವ ಸರದಿ ಇನ್ನೂ ಬಂದಿಲ್ಲ ಎಂದರ್ಥ.

ಬಿಲಿರುಬಿನ್ನಿನ ಭಾಗಗಳೂ ನನಗೆ ಇಲ್ಲಿ ದಾರಿ ತೋರಿಸುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಡೈರೆಕ್ಟ್ ಜಾಸ್ತಿ ಅಂದರೆ ಬ್ಲಾಕ್" ಎಂದು ನಂಬಿದವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ಅದೇ ಇಂಡೈರೆಕ್ಟ್. ಲಿವರ್ ಅದಕ್ಕೆ ಗ್ಲುಕುರಾನಿಕ್ ಆಮ್ಲ ಸೇರಿಸಿ ಕರಗುವ ಹಾಗೆ ಮಾಡಿ ಪಿತ್ತಕ್ಕೆ ತಳ್ಳುತ್ತದೆ. ಲ್ಯಾಬಿನಲ್ಲಿ ಡೈರೆಕ್ಟ್ ಎಂದು ಅಳೆಯುವುದು ಹೆಚ್ಚುಕಡಿಮೆ ಇದನ್ನೇ. ಹೆಪಟೈಟಿಸ್ ಆದಾಗಲೂ ಆಮ್ಲ ಸೇರಿಸುವ ಕೆಲಸ ಸಾಮಾನ್ಯವಾಗಿ ನಡೆದೇ ಇರುತ್ತದೆ, ಮೊದಲು ಕೈಕೊಡುವುದು ತಳ್ಳುವ ಕೆಲಸ. ನಾಳ ಕಟ್ಟಿದಾಗಲೂ ತಳ್ಳಿದ್ದು ಹಿಂದಕ್ಕೆ ಬರುತ್ತದೆ. ಎರಡರಲ್ಲೂ ಡೈರೆಕ್ಟೇ ಹೆಚ್ಚುತ್ತದೆ. ಬಿಲಿರುಬಿನ್ನಿನ ಭಾಗಗಳಿಂದ ನಿಜವಾಗಿ ಉಪಯೋಗವಾಗುವುದು ಉಲ್ಟಾ ಸಂದರ್ಭದಲ್ಲಿ. ಬಹುಪಾಲು ಇಂಡೈರೆಕ್ಟೇ ಇದ್ದು, ಕಿಣ್ವಗಳೆಲ್ಲ ಸರಿಯಿದ್ದರೆ, ರಕ್ತಕಣ ಹೆಚ್ಚು ಒಡೆಯುತ್ತಿರಬಹುದು, ಇಲ್ಲವೇ ಉಪವಾಸ ಮಾಡಿದಾಗೆಲ್ಲ ಕಣ್ಣು ಹಳದಿಯಾಗುವ ನಿರುಪದ್ರವಿ ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ಎರಡರಲ್ಲೂ ಲಿವರ್ ಜೀವಕೋಶಕ್ಕೆ ಏಟು ಬಿದ್ದಿರುವುದಿಲ್ಲ.

ಗುರುವಾರ ಅವರು ಬಂದಾಗ ನೋವು ಇರಲಿಲ್ಲ. ಆದರೆ ಕಣ್ಣು ಅರಿಶಿನದ ಹಾಗಿತ್ತು. ಮೂತ್ರ ಡಿಕಾಕ್ಷನ್ ಬಣ್ಣ, ಮಲ ಬಿಳಿಚಿಕೊಂಡಿದೆ, ಅಂಗೈ ಅಂಗಾಲು ನವೆ. ಇದೆಲ್ಲ ಹೇಳಿ ಮುಗಿಸಿ ಎದ್ದು ನಿಂತ ಮೇಲೆ ಆ ತಾಯಿ ಹೇಳಿದರು: "ನೆನ್ನೆ ರಾತ್ರಿ ಗಡಗಡ ಚಳಿ ಬಂತು ಕಣಪ್ಪ, ಎರಡು ಕಂಬಳಿ ಹೊದ್ಕಂಡೆ." ಮತ್ತೆ ಕೂರಿಸಿದೆ. ಜ್ವರ 101 ಇತ್ತು.

ವೈರಸ್ ಪರೀಕ್ಷೆ ಯಾವುದರಲ್ಲೂ ಏನೂ ಇರಲಿಲ್ಲ. ಹೊಸ ಎಲ್‌ಎಫ್‌ಟಿಯಲ್ಲಿ ಎಸ್‌ಜಿಒಟಿ 62, ಎಸ್‌ಜಿಪಿಟಿ 216. ಫಾಸ್ಫಟೇಸ್ 396. ಬಿಲಿರುಬಿನ್ 6.4, ಡೈರೆಕ್ಟ್ 4.8. ಅದೇ ಲೆಕ್ಕ ಮತ್ತೆ ಹಾಕಿದೆ. 216 ಅಂದರೆ 5.4 ಪಟ್ಟು, 396 ಅಂದರೆ 3.3 ಪಟ್ಟು, ಉತ್ತರ 1.6. ಸೋಮವಾರ 12.4 ಇದ್ದದ್ದು ಗುರುವಾರ 1.6. ಲಿವರ್ ಅದೇ, ಕಾಯಿಲೆ ಅದೇ, ದಿನ ಮಾತ್ರ ಬೇರೆ.

ಈ ಇಳಿತದ ವೇಗವೇ ಒಂದು ಸಾಕ್ಷಿ. ರಕ್ತಕ್ಕೆ ಸೋರಿದ ಎಸ್‌ಜಿಒಟಿ ಸುಮಾರು 17 ಗಂಟೆಗೆ ಅರ್ಧವಾಗುತ್ತದೆ, ಎಸ್‌ಜಿಪಿಟಿಗೆ ಸುಮಾರು 47 ಗಂಟೆ ಬೇಕು. ಸೋರಿಕೆ ಒಂದೇ ಸಲ ಆಗಿ ನಿಂತಿದ್ದರೆ ಮೂರು ದಿನದಲ್ಲಿ 710 ನಲವತ್ತರ ಆಸುಪಾಸಿಗೂ, 620 ಇನ್ನೂರರ ಆಸುಪಾಸಿಗೂ ಬರಬೇಕು. ಹೆಚ್ಚುಕಡಿಮೆ ಹಾಗೇ ಬಂದಿತ್ತು. ವೈರಸ್ ಹೆಪಟೈಟಿಸ್‌ನಲ್ಲಿ ಏಟು ದಿನವೂ ಬೀಳುತ್ತಿರುತ್ತದೆ, ಸಂಖ್ಯೆಗಳು ವಾರಗಟ್ಟಲೆ ತೆಗೆದುಕೊಂಡು ಇಳಿಯುತ್ತವೆ. ಒಂದೇ ರಾತ್ರಿಯ ಏಟು ಎಂದರೆ ಸಾಮಾನ್ಯವಾಗಿ ಕಲ್ಲು, ಇಲ್ಲವೇ ಲಿವರಿಗೆ ರಕ್ತ ಸಾಲದೆ ಹೋದ ಆಘಾತ. ಇವರಿಗೆ ಬಿಪಿ ಬಿದ್ದಿರಲಿಲ್ಲ.

ಇಲ್ಲೊಂದು ಅಪಾಯದ ತಿರುವಿದೆ. ಎಸ್‌ಜಿಪಿಟಿ ಬೇಗ ಇಳಿದು ಬಿಲಿರುಬಿನ್ ಏರುತ್ತಿದ್ದರೆ, ಲಿವರ್ ಪೂರ್ತಿ ನಾಶವಾಗಿ ಸೋರಲು ಏನೂ ಉಳಿದಿಲ್ಲ ಎಂಬ ಅರ್ಥವೂ ಇರಬಹುದು. ಎಲ್‌ಎಫ್‌ಟಿ ಹಾಳೆಯ ಕಿಣ್ವಗಳನ್ನು ನೋಡಿ ಇವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ಇನ್ನೂ ತಯಾರಿಸುತ್ತಿದೆಯೇ ಎಂದು ನೋಡಬೇಕು. ಐಎನ್‌ಆರ್ ಮಾಡಿಸಿದೆ, 1.2 ಬಂತು. ಮಾತು, ಎಚ್ಚರ ಎಲ್ಲ ಸರಿಯಿತ್ತು. ಲಿವರ್ ಉಳಿದಿದೆ, ದಾರಿ ಕಟ್ಟಿದೆ.

ಫಾಸ್ಫಟೇಸ್ ಮೂಳೆಯಿಂದಲೂ, ಬಸುರಿಯರಲ್ಲಿ ಮಾಸಿನಿಂದಲೂ ಬರುತ್ತದೆ. ಬೆಳೆಯುವ ಹುಡುಗರಲ್ಲಿ, ಬಸುರಿಯರಲ್ಲಿ ಅದು ಏರಿರುವುದು ಸಹಜ. ಅದಕ್ಕೇ ಸಂಶಯವಿದ್ದಾಗ ಜೊತೆಗೆ ಜಿಜಿಟಿ ಎಂಬ ಇನ್ನೊಂದು ಕಿಣ್ವ ನೋಡುತ್ತೇವೆ, ಅದು ಮೂಳೆಯಿಂದ ಬರುವುದಿಲ್ಲ. ಇವರಿಗೆ ಅದನ್ನು ಕಾಯುವ ಅಗತ್ಯ ಕಾಣಲಿಲ್ಲ. ಹಳದಿ, ಜ್ವರ, ಚಳಿ, ಹಿಂದಿನ ನೋವು ಸೇರಿದರೆ ಪಿತ್ತನಾಳದಲ್ಲಿ ಸೋಂಕು ಎಂದೇ ಹಿಡಿಯಬೇಕು, ಅದು ಗಂಟೆಗಳ ಲೆಕ್ಕದ ಕಾಯಿಲೆ. ಪಕ್ಕದಲ್ಲೇ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು, ಪಿತ್ತನಾಳ 11 ಮಿಲಿಮೀಟರ್ ಅಗಲಕ್ಕೆ ಹಿಗ್ಗಿತ್ತು. ನಾಳದ ಕೆಳತುದಿಯಲ್ಲಿ ಕಲ್ಲು ಕಾಣಲಿಲ್ಲ. ಕರುಳಿನ ಗಾಳಿ ಅಡ್ಡ ಬರುವುದರಿಂದ ಅಲ್ಲಿ ಕಲ್ಲಿದ್ದರೂ ಹೊಟ್ಟೆಯ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಕಾಣಲಿಲ್ಲ ಎಂದು ಬಿಡುವ ಹಾಗಿರಲಿಲ್ಲ. ಮೊದಲ ಡೋಸ್ ಆಂಟಿಬಯಾಟಿಕ್ ನನ್ನಲ್ಲೇ ಹಾಕಿ, ಸಂಜೆಯೊಳಗೆ ಮೈಸೂರಿಗೆ ಕಳಿಸಿದೆ. ಚೀಟಿಯಲ್ಲಿ ಎರಡೂ ದಿನದ ಸಂಖ್ಯೆಗಳನ್ನು, ನೋವು ಶುರುವಾದ ಗಂಟೆಯನ್ನು ಬರೆದೆ. ಮರುದಿನ ಇಆರ್‌ಸಿಪಿ ಮಾಡಿ, ಬಾಯಿಯ ಮೂಲಕ ಕೊಳವೆ ಇಳಿಸಿ, 8 ಮಿಲಿಮೀಟರಿನ ಕಲ್ಲು ತೆಗೆದರು. ಸೋಂಕು ಇಳಿದ ಮೇಲೆ ಪಿತ್ತಕೋಶವನ್ನೂ ತೆಗೆದರು.

ಆ ಸೋಮವಾರ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಅವತ್ತೇ ಸ್ಕ್ಯಾನ್, ಮರುದಿನವೇ ಮತ್ತೊಂದು ಎಲ್‌ಎಫ್‌ಟಿ. ವೈರಸ್ ಹೆಪಟೈಟಿಸ್ ಒಂದು ರಾತ್ರಿಯ ಭಯಂಕರ ನೋವಿನಿಂದ ಶುರುವಾಗುವುದಿಲ್ಲ. ಊಟ ಸೇರದೆ, ಮೈಕೈ ನೋವು, ಸುಸ್ತು ಎಂದು ನಾಲ್ಕು ದಿನ ಕಳೆದು ಆಮೇಲೆ ಕಣ್ಣು ಹಳದಿಯಾಗುತ್ತದೆ. ಆ ತಾಯಿ ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ, ಬಾಡಿನ ಸಾರು ಉಂಡವರು. ಅದನ್ನು ಮಗ ಮೊದಲ ಮಾತಿನಲ್ಲೇ ಹೇಳಿದ್ದ. ಈಗ ಲ್ಯಾಬ್ ಚೀಟಿಯ ಮೂಲೆಯಲ್ಲಿ ನೋವು ಶುರುವಾಗಿ ಎಷ್ಟು ಗಂಟೆಯಾಯಿತು ಎಂದು ಬರೆಯುತ್ತೇನೆ. 24 ಗಂಟೆಯೊಳಗಿನ ಫಾಸ್ಫಟೇಸನ್ನು ಆಧಾರವಾಗಿಟ್ಟುಕೊಂಡು ಪಿತ್ತನಾಳಕ್ಕೆ ಏನೂ ಆಗಿಲ್ಲ ಎಂದು ಹೇಳುವುದಿಲ್ಲ.

ಕಲ್ಲು ತೆಗೆದು ಹತ್ತು ದಿನಕ್ಕೆ ಮಗ ಫೋನ್ ಮಾಡಿದ. ದನಿಯಲ್ಲಿ ಗಾಬರಿ. "ಅವ್ವನ ಕಣ್ಣು ಇನ್ನೂ ಹಳದಿನೇ ಅದೆ ಸಾ. ಮತ್ತೆ ಕಟ್ಕಂಡದಾ?" ಮೂತ್ರ ಯಾವ ಬಣ್ಣ ಎಂದು ಕೇಳಿದೆ. ತಿಳಿಯಾಗಿದೆ ಎಂದ. ಮಲ? ಕಾಯಿಲೆಗೆ ಮುಂಚೆ ಇದ್ದ ಹಾಗೇ. ಹಾಗಾದರೆ ದಾರಿ ತೆರೆದಿದೆ, ಹೆದರಬೇಡ ಎಂದೆ. ಬಹಳ ದಿನ ರಕ್ತದಲ್ಲಿ ನಿಂತ ಡೈರೆಕ್ಟ್ ಬಿಲಿರುಬಿನ್ನಿನಲ್ಲಿ ಒಂದು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅದನ್ನು ಡೆಲ್ಟಾ ಬಿಲಿರುಬಿನ್ ಅನ್ನುತ್ತಾರೆ. ಅದು ಮೂತ್ರಕ್ಕೆ ಸೋಸಿ ಹೋಗುವುದಿಲ್ಲ, ಆಲ್ಬುಮಿನ್ ಸವೆದಂತೆ ಎರಡು ಮೂರು ವಾರಕ್ಕೆ ಅರ್ಧವಾಗುತ್ತಾ ಇಳಿಯುತ್ತದೆ. ಲ್ಯಾಬಿನ ಲೆಕ್ಕದಲ್ಲಿ ಅದೂ ಡೈರೆಕ್ಟ್ ಒಳಗೇ ಸೇರುವುದರಿಂದ, ರಿಪೋರ್ಟ್ ಮಾತ್ರ ನೋಡುವವರಿಗೆ ನಾಳ ಮತ್ತೆ ಕಟ್ಟಿದೆ ಎಂಬ ಅನುಮಾನ ಬರುತ್ತದೆ. ಮೂತ್ರದಲ್ಲಿ ಬಿಲಿರುಬಿನ್ ಇದೆಯೇ ಎಂಬ ಪಟ್ಟಿ ಪರೀಕ್ಷೆ ಆಗ ಹೆಚ್ಚು ನಂಬಿಕೆಗೆ ಅರ್ಹ. ಮಾರನೇ ದಿನ ಮೂತ್ರ ತರಿಸಿ ನೋಡಿದೆ, ಇರಲಿಲ್ಲ. ಅವತ್ತು ಒಟ್ಟು ಬಿಲಿರುಬಿನ್ 2.6, ಎಸ್‌ಜಿಪಿಟಿ 34, ಫಾಸ್ಫಟೇಸ್ ಇನ್ನೂ 210. ಆರನೇ ವಾರ ಬಂದಾಗ ಮೂರೂ ಮಿತಿಯೊಳಗಿದ್ದವು.