ಬಾಗಿಲಿಗೆ ಹೊಕ್ಕ ಗುಂಡು: ಲೆಕ್ಕ ಬಿಡಿಸುವಾಗ ಕೀಲಿನ ಮೇಲೆ ಕಣ್ಣಿಡಿ

ಪಿಯುಸಿ ಮಕ್ಕಳಿಗೆ ಪರಿಚಿತವಾದ ಲೆಕ್ಕ ಇದು. 12 ಕೆ.ಜಿ. ತೂಕದ, 1 ಮೀಟರ್ ಅಗಲದ ಬಾಗಿಲು ಒಂದು ಅಂಚಿನ ಕೀಲಿನ ಮೇಲೆ ಸಲೀಸಾಗಿ ತಿರುಗುತ್ತದೆ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ನೇರವಾಗಿ ಬಂದು ಬಾಗಿಲಿನ ನಟ್ಟನಡುವೆ ಹೊಕ್ಕು ಅಲ್ಲೇ ಉಳಿಯುತ್ತದೆ. ಆ ಕ್ಷಣದಲ್ಲಿ ಬಾಗಿಲಿನ ಕೋನೀಯ ವೇಗ ಎಷ್ಟು? ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಇಲ್ಲಿ ಕೋನೀಯ ಸಂವೇಗವನ್ನೇ ಯಾಕೆ ಹಿಡಿಯಬೇಕು, ಸಾಮಾನ್ಯ ಸಂವೇಗ ಯಾಕೆ ಕೈಕೊಡುತ್ತದೆ ಎಂಬುದು ಆ ಎರಡು ಸಾಲಿನಲ್ಲಿ ಕಾಣುವುದಿಲ್ಲ. ಅದು ಕಾಣಬೇಕಾದರೆ ಕೀಲನ್ನು ನೋಡಬೇಕು.

ನಾನು ಮೊದಲು ಮಾಡುವ ಕೆಲಸ, ಬಾಗಿಲನ್ನು ಮೇಲಿನಿಂದ ನೋಡಿದಂತೆ ಒಂದು ಗೆರೆ ಎಳೆದು, ಅದರ ಮೇಲೆ ಹೊರಗಿನಿಂದ ಬೀಳುವ ಬಲಗಳನ್ನೆಲ್ಲ ಬಾಣ ಹಾಕಿ ಗುರುತಿಸುವುದು. ಗುಂಡನ್ನೂ ಬಾಗಿಲನ್ನೂ ಸೇರಿಸಿ ಒಂದೇ ವ್ಯವಸ್ಥೆ ಎಂದು ಇಟ್ಟುಕೊಂಡರೆ, ಅವೆರಡರ ನಡುವಿನ ಬಲ ಒಳಗಿನದಾಗುತ್ತದೆ. ಭಾರ ಕೆಳಮುಖವಾಗಿದೆ, ಲಂಬ ಅಕ್ಷದ ಸುತ್ತ ಅದರಿಂದ ತಿರುಗುವಿಕೆ ಹುಟ್ಟುವುದಿಲ್ಲ. ಉಳಿಯುವುದು ಕೀಲಿನ ಬಲ ಒಂದೇ. ಅದು ಎಷ್ಟಿದೆ, ಯಾವ ಕಡೆಗಿದೆ ಎಂಬುದು ನಮಗೆ ಗೊತ್ತಿಲ್ಲ. ಆದರೆ ಅದು ಕೀಲಿನಲ್ಲೇ ಇದೆ ಎಂಬುದು ಗೊತ್ತು. ಆದ್ದರಿಂದ ಕೀಲಿನ ಸುತ್ತ ಅದರ ಟಾರ್ಕ್ ಸೊನ್ನೆ. ಗೊತ್ತಿಲ್ಲದ ಬಲವನ್ನು ಲೆಕ್ಕದಿಂದ ಹೊರಗಿಡುವ ಬಿಂದು ಕೀಲು ಮಾತ್ರ. ಬಾಗಿಲಿನ ಮಧ್ಯಬಿಂದುವನ್ನು ಆಧಾರ ಮಾಡಿಕೊಂಡರೆ ಆ ಬಲ ಮತ್ತೆ ಒಳಗೆ ನುಗ್ಗುತ್ತದೆ.

ಈಗ ಲೆಕ್ಕ. ಗುಂಡು ನೇರ ಗೆರೆಯಲ್ಲಿ ಬರುತ್ತಿದ್ದರೂ ಕೀಲಿನ ಸುತ್ತ ಅದಕ್ಕೆ ಕೋನೀಯ ಸಂವೇಗ ಇದ್ದೇ ಇರುತ್ತದೆ. ಅದರ ದಾರಿಗೂ ಕೀಲಿಗೂ ಇರುವ ಲಂಬ ದೂರ d ಇಲ್ಲಿ 0.5 ಮೀಟರ್.

```
ಮೊದಲು:  L = m v d = 0.01 × 500 × 0.5 = 2.5 kg m²/s
ಬಾಗಿಲು:  M W²/3 = 12 × 1/3 = 4 kg m²
ಗುಂಡು:   m d² = 0.01 × 0.25 = 0.0025 kg m²
ನಂತರ:   ω = 2.5 / 4.0025 = 0.625 rad/s
```

ಗುಂಡಿನ 0.0025 ಇಲ್ಲಿ ಉತ್ತರವನ್ನು ಅಲುಗಿಸುವುದಿಲ್ಲ. ಆದರೂ ನಾನು ಅದನ್ನು ಬರೆದೇ ಬಿಡುತ್ತೇನೆ. ಹಗುರವಾದ ಪಟ್ಟಿಗೆ ಜೇಡಿಮಣ್ಣಿನ ಉಂಡೆ ಅಂಟಿಕೊಳ್ಳುವ ಲೆಕ್ಕ ಬಂದರೆ ಅದೇ ಪದ ದೊಡ್ಡದಾಗಿರುತ್ತದೆ. ಗುಂಡು ಓರೆಯಾಗಿ ಬಂದರೆ d ಎಂದರೆ ಕೀಲಿನಿಂದ ತಗುಲಿದ ಜಾಗಕ್ಕಿರುವ ದೂರವಲ್ಲ, ಗುಂಡಿನ ದಾರಿಯನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಎಳೆದ ಗೆರೆಗಿರುವ ಲಂಬ ದೂರ. m d² ಪದದಲ್ಲಿ ಮಾತ್ರ ತಗುಲಿದ ಜಾಗದ ದೂರವನ್ನೇ ಹಾಕಬೇಕು.

ಉತ್ತರ ಬಂದ ಮೇಲೆ ಅದನ್ನು ಬಾಗಿಲಿನ ಮೇಲೆ ಇಟ್ಟು ನೋಡುತ್ತೇನೆ. 0.625 ಎಂದರೆ ಬಾಗಿಲು 90° ತೆರೆದುಕೊಳ್ಳಲು ಸುಮಾರು 2.5 ಸೆಕೆಂಡ್. ನಂಬಬಹುದಾದ ಸಂಖ್ಯೆ. ಚಲನ ಶಕ್ತಿ ಉಳಿಯುತ್ತದೆಂದು ಹಿಡಿದವರಿಗೆ 25 rad/s ಬರುತ್ತದೆ, ಅಂದರೆ ಸೆಕೆಂಡಿಗೆ ನಾಲ್ಕು ಸುತ್ತು. ಗುಂಡಿನ 1250 ಜೂಲ್‌ನಲ್ಲಿ ತಿರುಗುವಿಕೆಗೆ ದಕ್ಕುವುದು 0.78 ಜೂಲ್ ಮಾತ್ರ. ಉಳಿದದ್ದೆಲ್ಲ ಮರ ಸೀಳಲು, ಬಿಸಿಯಾಗಲು, ಬಾಗಿಲು ಕಂಪಿಸಲು ಹೋಗುತ್ತದೆ. ಉತ್ತರ 2.5 ಬಂದಿದ್ದರೆ ಕೀಲಿನ ಸುತ್ತಲಿನ MW²/3 ಬದಲು ಮಧ್ಯಬಿಂದುವಿನ MW²/12 ಹಾಕಿದ್ದಾರೆ ಎಂದೇ ಅರ್ಥ.

ಹೆಚ್ಚು ಜನ ಎಡವುವುದು ಇನ್ನೊಂದು ಕಡೆ. ಗುಂಡಿನ ಸಂವೇಗ 5 kg m/s, ಅದನ್ನು 12.01 ಕೆ.ಜಿ.ಯಿಂದ ಭಾಗಿಸಿ ಮಧ್ಯಬಿಂದುವಿನ ವೇಗ ಪಡೆದು, 0.5ರಿಂದ ಭಾಗಿಸಿದರೆ 0.83 rad/s. ಅಸಂಬದ್ಧವಾಗಿ ಕಾಣದ ಕಾರಣ ಈ ಉತ್ತರ ಸುಲಭವಾಗಿ ದಾಟಿಹೋಗುತ್ತದೆ. ಸರಿಯಾದ ω ಹಾಕಿ ನೋಡಿದರೆ ಡಿಕ್ಕಿಯ ನಂತರ ಒಟ್ಟು ಸಂವೇಗ 3.75 ಮಾತ್ರ. ಉಳಿದ 1.25 ಎಲ್ಲಿ ಹೋಯಿತು? ಕೀಲು ಬಾಗಿಲನ್ನು ಗುಂಡಿಗೆ ಎದುರಾಗಿ ತಳ್ಳಿತು. ಆ 1.25 N s ಇಂಪಲ್ಸ್ ಚೌಕಟ್ಟಿನ ಮೂಲಕ ಗೋಡೆಗೆ, ಗೋಡೆಯಿಂದ ನೆಲಕ್ಕೆ ಸೇರಿತು.

ಇದನ್ನು ಇನ್ನಷ್ಟು ಸ್ಪಷ್ಟ ಮಾಡಲು ಅದೇ ಗುಂಡನ್ನು ಬೇರೆ ಬೇರೆ ಜಾಗಕ್ಕೆ ಹೊಡೆದಂತೆ ಲೆಕ್ಕ ಹಾಕಿಸುತ್ತೇನೆ. ಕೀಲಿನಿಂದ ಅಗಲದ ಮೂರನೇ ಎರಡು ಭಾಗದಲ್ಲಿ, ಅಂದರೆ 66.7 ಸೆಂ.ಮೀ. ದೂರದಲ್ಲಿ ತಗುಲಿದರೆ ω = 0.832 ಆಗುತ್ತದೆ, ಸಂವೇಗ ಮೊದಲೂ ನಂತರವೂ 5. ಕೀಲಿಗೆ ಪೆಟ್ಟೇ ಇಲ್ಲ. ಕ್ರಿಕೆಟ್ ಬ್ಯಾಟಿನ ಸರಿಯಾದ ಜಾಗಕ್ಕೆ ಚೆಂಡು ಬಿದ್ದಾಗ ಕೈ ಜುಮ್ಮೆನ್ನದೆ ಇರುವುದರಲ್ಲಿ ಇದರ ಪಾಲೂ ಇದೆ. ಇನ್ನೂ ಹೊರಗೆ, ಕೀಲಿಲ್ಲದ ಅಂಚಿಗೇ ತಗುಲಿದರೆ ω = 1.247, ಒಟ್ಟು ಸಂವೇಗ 7.49. ಗುಂಡು ತಂದದ್ದು 5, ಬಾಗಿಲಿಗೆ ಬಂದದ್ದು ಅದಕ್ಕಿಂತ ಹೆಚ್ಚು! ಈ ಸಲ ಕೀಲು ಗುಂಡಿನ ದಿಕ್ಕಿಗೇ ತಳ್ಳಿದೆ. ಬಾಗಿಲಿನ ಒಳ ಅಂಚು ಹಿಂದಕ್ಕೆ ಚಿಮ್ಮಲು ನೋಡಿತು, ಕೀಲು ಅದನ್ನು ತಡೆಹಿಡಿದು ಮುಂದಕ್ಕೆ ದೂಡಿತು. ಮೂರೂ ಸಂದರ್ಭಗಳಲ್ಲಿ ಬದಲಾಗದೆ ನಿಂತ ನಿಯಮ ಕೀಲಿನ ಸುತ್ತಲಿನ ಕೋನೀಯ ಸಂವೇಗದ್ದು ಮಾತ್ರ.

ಕೀಲಿನ ಘರ್ಷಣೆಯನ್ನು ಬಿಟ್ಟುಬಿಡಬಹುದಾದರೆ ಕೀಲಿನ ತಳ್ಳುವಿಕೆಯನ್ನು ಯಾಕೆ ಬಿಡಬಾರದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗುಂಡು 4 ಸೆಂ.ಮೀ. ಒಳಹೊಕ್ಕು ನಿಂತಿತು ಎಂದುಕೊಳ್ಳಿ. ಸರಾಸರಿ ವೇಗ 250 m/s, ಹಿಡಿದ ಸಮಯ 0.00016 ಸೆಕೆಂಡ್. ಕೀಲಿನ ಘರ್ಷಣೆಯ ಟಾರ್ಕ್ 1 N m ಇದ್ದರೂ ಅಷ್ಟರಲ್ಲಿ ಅದು ಕಸಿಯುವುದು 0.00016, ನಮ್ಮ 2.5ರ ಮುಂದೆ ಏನೂ ಅಲ್ಲ. ಕೀಲಿನ ತಳ್ಳುವಿಕೆ ಹಾಗಲ್ಲ. ಗುಂಡಿನ ಪೆಟ್ಟು ಎಷ್ಟು ಜೋರಾಗುತ್ತದೋ ಅದೂ ಅಷ್ಟೇ ಜೋರಾಗುತ್ತದೆ, ಸಮಯ ಕಡಿಮೆಯಾದಂತೆ ಬಲ ಏರುತ್ತದೆ, ಇಂಪಲ್ಸ್ 1.25 ಆಗಿಯೇ ಉಳಿಯುತ್ತದೆ. ನಿಜವಾದ ಬಾಗಿಲು ಸ್ವಲ್ಪ ಬಾಗುತ್ತದೆ, ಪೆಟ್ಟು ಕೀಲನ್ನು ಮುಟ್ಟುವ ಮೊದಲೇ ಗುಂಡು ನಿಂತಿರಬಹುದು. ಆಗಲೂ ಕಂಪನ ಅಡಗಿದ ಮೇಲಿನ ω ಅದೇ, ಏಕೆಂದರೆ ಕೀಲಿನ ಬಲ ಯಾವಾಗ ಬಂದರೂ ಕೀಲಿನ ಸುತ್ತ ಅದರ ಟಾರ್ಕ್ ಸೊನ್ನೆಯೇ.

ಮೇಲ್ತುದಿಯಿಂದ ತೂಗುಬಿಟ್ಟ ಸರಳಿನ ಲೆಕ್ಕವನ್ನು ಎರಡು ಹಂತವಾಗಿ ಒಡೆಯಬೇಕು, ಹಂತಗಳ ನಡುವೆ ಹಾಳೆಯ ಮೇಲೆ ಅಡ್ಡಗೆರೆ ಎಳೆಯುವುದು ಒಳ್ಳೆಯದು. 2 ಕೆ.ಜಿ., 1 ಮೀಟರ್ ಸರಳಿನ ಕೆಳತುದಿಗೆ 10 ಗ್ರಾಂ ಗುಂಡು 300 m/s ವೇಗದಲ್ಲಿ ಹೊಕ್ಕಿತು ಎನ್ನಿ. ಗೆರೆಯ ಮೇಲೆ ಕೋನೀಯ ಸಂವೇಗ: 3 / 0.6767 = 4.43 rad/s. ಸರಳು ನೆಟ್ಟಗೆ ತೂಗುತ್ತಿರುವಾಗ ಅದರ ಭಾರ ಕೀಲಿನ ಮೂಲಕವೇ ಹಾಯುವುದರಿಂದ ಈ ಹಂತದಲ್ಲಿ ಗುರುತ್ವದ ಚಿಂತೆ ಬೇಡ. ಗೆರೆಯ ಕೆಳಗೆ ಶಕ್ತಿ: ತಿರುಗುವಿಕೆಯ 6.65 ಜೂಲ್ ಸರಳನ್ನೂ ಗುಂಡನ್ನೂ ಮೇಲಕ್ಕೆತ್ತುತ್ತದೆ.

```
½ I ω² = (M l/2 + m l) g (1 − cos θ)
6.65 = 1.01 × 9.8 × (1 − cos θ)
cos θ = 0.328,  θ ≈ 71°
```

ಸರಳಿನ ದ್ರವ್ಯರಾಶಿ ಕೇಂದ್ರ ಏರುವುದು l/2 ಲೆಕ್ಕದಲ್ಲಿ, ಗುಂಡು ಏರುವುದು l ಲೆಕ್ಕದಲ್ಲಿ. ಎರಡಕ್ಕೂ ಒಂದೇ ಎತ್ತರ ಹಾಕುವವರು ಬಹಳ. ಗುಂಡಿನ ಮೂಲ 450 ಜೂಲ್‌ ಅನ್ನು ಇಲ್ಲಿಗೆ ತಂದವರ ಸರಳು ಕೀಲನ್ನು ಸುತ್ತಿ ಬರುತ್ತದೆ. ಪೂರ್ತಿ ಸುತ್ತು ಹಾಕಲು 19.8 ಜೂಲ್ ಮೀರಿದರೆ ಸಾಕಲ್ಲ!

ಬಾಗಿಲಿನ ಲೆಕ್ಕಕ್ಕೆ ಮರಳಿದರೆ, ಗುಂಡು ಒಳಗೆ ಉಳಿಯದೆ 100 m/s ವೇಗದಲ್ಲಿ ಆಚೆ ಹಾರಿಹೋದರೆ ಅದು ಕೊಂಡೊಯ್ದ m v' d ಕಳೆಯಬೇಕು, I ಬಾಗಿಲಿನದು ಮಾತ್ರ: (2.5 − 0.5) / 4 = 0.5 rad/s. ಉಕ್ಕಿನ ಬಾಗಿಲಿಗೆ ಬಡಿದು ಅದೇ ವೇಗದಲ್ಲಿ ಹಿಂದಕ್ಕೆ ಪುಟಿದರೆ ಚಿಹ್ನೆ ತಿರುಗಿ (2.5 + 0.5) / 4 = 0.75 rad/s. ಹೊಕ್ಕು ನಿಂತ ಗುಂಡಿಗಿಂತ ಪುಟಿದ ಗುಂಡೇ ಬಾಗಿಲನ್ನು ಹೆಚ್ಚು ವೇಗವಾಗಿ ತಿರುಗಿಸುತ್ತದೆ.