ವೀಲ್‌ಗೆ ಜಂಪ್ ಕೊಟ್ಟೆ, ಬೇಡದ ಜಿಗಿತ ನಿಲ್ಲಿಸಿದೆ

ಕೌಂಟರ್-ಸ್ಟ್ರೈಕ್ 2 ಆಡುವವರಲ್ಲಿ ಬಹಳ ಜನ ಜಂಪ್ ಅನ್ನು ಸ್ಪೇಸ್‌ಬಾರ್ ಜೊತೆಗೆ ಮೌಸ್ ವೀಲ್‌ಗೂ ಹಾಕಿಕೊಂಡಿರುತ್ತಾರೆ. ನಾನೂ ಹಾಗೇ. ನನ್ನದೊಂದು ಫಜೀತಿ ಏನೆಂದರೆ, ನನ್ನ ಮೌಸಿನ ವೀಲ್ ಫ್ರೀಯಾಗಿ ತಿರುಗುವಂಥದ್ದು. ಹಗಲಲ್ಲಿ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸಾವಿರಾರು ಸಾಲಿನ ಶೀಟ್ ಇಳಿಯಬೇಕಾದರೆ ಈ ವೀಲ್ ಒಂದು ವರ. ಒಮ್ಮೆ ತಳ್ಳಿದರೆ ಸಾಕು, ತಾನೇ ಓಡುತ್ತದೆ. ರಾತ್ರಿ ಅದೇ ಮೌಸ್ ಹಿಡಿದು ಆಟಕ್ಕೆ ಕೂತರೆ ಆ ವರವೇ ಕಾಟ.

ಮೊದಲು, ವೀಲ್ ಯಾಕೆ ಬೇಕು ಅನ್ನೋದು. ಈ ಆಟದಲ್ಲಿ ಸ್ಪೇಸ್ ಒತ್ತಿ ಹಿಡಿದರೆ ಒಂದೇ ಸಲ ಜಿಗಿಯುತ್ತದೆ. ಮತ್ತೆ ಜಿಗಿಯಬೇಕಾದರೆ ಬಿಟ್ಟು ಒತ್ತಬೇಕು. ಓಡುವ ವೇಗ ಕಳೆದುಕೊಳ್ಳದೆ ಮತ್ತೆ ಜಿಗಿಯಬೇಕಾದರೆ, ಕಾಲು ನೆಲಕ್ಕೆ ತಾಗಿದ ಆ ಕ್ಷಣಕ್ಕೇ ಒತ್ತಬೇಕು. ತಡವಾದರೆ ನೆಲದ ಘರ್ಷಣೆ ವೇಗವನ್ನು ತಿಂದುಬಿಡುತ್ತದೆ. ಸರ್ವರ್ ಸೆಕೆಂಡಿಗೆ 64 ಸಲ ಲೆಕ್ಕ ಹಾಕುತ್ತದೆ, ಅಂದರೆ ಒಂದೊಂದು ಲೆಕ್ಕಕ್ಕೆ ಸುಮಾರು 15.6 ಮಿಲಿಸೆಕೆಂಡ್. ಎರಡು ಲೆಕ್ಕಗಳ ನಡುವೆ ಒತ್ತಿದ ಹೊತ್ತನ್ನೂ ಗಮನಿಸುವ ಸಬ್‌ಟಿಕ್ ಬಂದ ಮೇಲೆ ಲೆಕ್ಕದ ರೀತಿ ಬದಲಾಗಿದೆ, ಆದರೆ ಆ ಹೊತ್ತು ಹಿಡಿಯುವ ಕಷ್ಟ ಹಾಗೇ ಇದೆ. ಹೆಬ್ಬೆರಳಿಂದ ಅಷ್ಟು ಸರಿಯಾಗಿ ಒತ್ತುವುದು ಅದೃಷ್ಟದ ಮಾತು. ವೀಲ್‌ನಲ್ಲಾದರೆ ಪ್ರತಿ ಹಲ್ಲೂ ಒಂದು ಒತ್ತು, ಒಂದು ಬಿಡು. ಬೆರಳಿಂದ ಚಿಕ್ಕದಾಗಿ ಎಳೆದರೆ ನಾಲ್ಕೈದು ಹಲ್ಲು ಸರಿಯುತ್ತವೆ. ಅಷ್ಟೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದರೆ, ಎರಡು ಹಲ್ಲಿನ ನಡುವೆ ಸುಮಾರು 25 ಮಿಲಿಸೆಕೆಂಡ್. ಅವುಗಳಲ್ಲಿ ಒಂದಾದರೂ ಸರಿಯಾದ ಕ್ಷಣಕ್ಕೆ ಬೀಳುವ ಸಾಧ್ಯತೆ ಜಾಸ್ತಿ.

ಈಗ ಫ್ರೀ ವೀಲ್ ಏನು ಮಾಡುತ್ತದೆ ನೋಡಿ. ಈ ಆಟದಲ್ಲಿ ಸಪಾಟು ನೆಲದ ಮೇಲೆ ಒಂದು ಜಿಗಿತ ಮುಕ್ಕಾಲು ಸೆಕೆಂಡಿನಷ್ಟು ಗಾಳಿಯಲ್ಲಿರುತ್ತದೆ. ಹಲ್ಲಿಲ್ಲದ ಭಾರದ ವೀಲ್ ಒಮ್ಮೆ ತಳ್ಳಿದರೆ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ನೀವು ಕೇಳಿದ ಜಿಗಿತ ಒಂದು, ಅದರ ಹಿಂದೆ ಕೇಳದೆ ಬಂದವು ಇನ್ನೂ ಎರಡೋ ಮೂರೋ. ಕಾಲು ನೆಲಕ್ಕೆ ತಾಗಿದಾಗಲೆಲ್ಲ ಮತ್ತೆ ಮೇಲೆ. ಗಂಗಾವತಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದ: "ಯಾಕಣ್ಣ, ಹಂಗ ಕಪ್ಪಿ ಜಿಗಿದಂಗ ಜಿಗಿತೀಯಲ್ಲ?" ಜಿಗಿದು ಬಿದ್ದ ಸದ್ದು ಎದುರಾಳಿಗೆ ಕೇಳುತ್ತದೆ. ಗಾಳಿಯಲ್ಲಿದ್ದಾಗ ರೈಫಲ್ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ.

ತಳ್ಳಿದಾಗ ಆಗುವುದು ಹೇಗೂ ಕಣ್ಣಿಗೆ ಕಾಣುತ್ತದೆ. ಮುಟ್ಟದೆ ಇದ್ದಾಗಲೂ ಜಿಗಿಯುತ್ತಿತ್ತಲ್ಲ, ಅದು ನನ್ನ ತಲೆ ತಿಂದ ವಿಷಯ. ಡಸ್ಟ್ 2 ಮ್ಯಾಪ್‌ನಲ್ಲಿ ಬಿ ಟನಲ್ ಒಳಗೆ ಶಿಫ್ಟ್ ಹಿಡಿದು ಸದ್ದಿಲ್ಲದೆ ಹೋಗುತ್ತಿರುತ್ತೇನೆ. ಸೆನ್ಸಿಟಿವಿಟಿ ಕಡಿಮೆ ಇಟ್ಟಿರುವುದರಿಂದ ಪ್ಯಾಡಿನ ಅಂಚಿಗೆ ಬಂದಾಗ ಮೌಸ್ ಎತ್ತಿ ಮಧ್ಯಕ್ಕೆ ಇಡುತ್ತೇನೆ. ಇಟ್ಟ ತಕ್ಷಣ ಒಂದು ಜಿಗಿತ!

ಇದನ್ನು ಊಹೆಯಿಂದ ಹಿಡಿಯಲು ಹೋಗಬೇಡಿ. ಆಟದೊಳಗೇ ನೋಡಬಹುದು. ಸೆಟ್ಟಿಂಗ್ಸ್‌ನ ಗೇಮ್ ವಿಭಾಗದಲ್ಲಿ ಡೆವಲಪರ್ ಕನ್ಸೋಲ್ ಆನ್ ಮಾಡಿ, ಬಾಟ್‌ಗಳ ಜೊತೆಗಿನ ಮ್ಯಾಚ್ ಒಂದಕ್ಕೆ ಹೋಗಿ, ಕನ್ಸೋಲ್‌ನಲ್ಲಿ ಈ ಎರಡು ಸಾಲು ಹಾಕಿ:

```
bind mwheeldown "echo KELAGE"
bind mwheelup "echo MELE"
```

ಈಗ ವೀಲ್ ಜಿಗಿಯುವುದಿಲ್ಲ. ಬದಲಿಗೆ ಪ್ರತಿ ಹಲ್ಲಿಗೂ ಕನ್ಸೋಲ್‌ನಲ್ಲಿ ಒಂದು ಪದ ಬೀಳುತ್ತದೆ. ಕನ್ಸೋಲ್ ಮುಚ್ಚಿ ಒಂದಷ್ಟು ಹೊತ್ತು ಎಂದಿನಂತೆ ಆಡಿ. ಜೋರಾಗಿ ತಿರುಗಿ, ಮೌಸ್ ಎತ್ತಿ ಇಡಿ, ಗುಂಡು ಹಾರಿಸಿ. ಆದರೆ ವೀಲ್ ಮಾತ್ರ ಬೇಕಂತ ಮುಟ್ಟಬೇಡಿ. ಆಮೇಲೆ ಕನ್ಸೋಲ್ ತೆಗೆದು ನೋಡಿದರೆ ಎಷ್ಟು ಸಲ ವೀಲ್ ಕಳ್ಳತನದಲ್ಲಿ ಸರಿದಿದೆ ಎಂದು ಗೊತ್ತಾಗುತ್ತದೆ. ಇದಾದ ಮೇಲೆ ಒಂದೊಂದೇ ಚಲನೆ ಮಾಡಿ, ಪ್ರತಿ ಸಲ ಕನ್ಸೋಲ್ ನೋಡಿ. ಯಾವುದರಿಂದ ಬರುತ್ತಿದೆ ಎಂದು ಬೇರೆ ಮಾಡುವ ದಾರಿ ಇದೇ.

ನನ್ನಲ್ಲಿ ಕಂಡದ್ದು ಹೀಗೆ. ಮೌಸಿನ ಮೂತಿ ಮೇಲೆ ಮಾಡಿ ಎತ್ತಿದರೆ MELE, ಮೂತಿ ಕೆಳಗೆ ಮಾಡಿ ಇಟ್ಟರೆ KELAGE. ಕಾರಣ ಸರಳ. ಹಲ್ಲಿನ ಹಿಡಿತ ಇಲ್ಲದ ಭಾರದ ಚಕ್ರ ತಾನಿದ್ದ ಹಾಗೇ ನಿಲ್ಲಲು ನೋಡುತ್ತದೆ, ಅದರ ಸುತ್ತ ಮೌಸಿನ ಮೈ ಮಾತ್ರ ವಾಲುತ್ತದೆ. ಒಳಗಿನ ಎನ್‌ಕೋಡರ್‌ಗೆ ಗೊತ್ತಾಗುವುದು ಮೈಗೂ ಚಕ್ರಕ್ಕೂ ನಡುವಿನ ತಿರುವು ಅಷ್ಟೇ. ಚಕ್ರ ತಿರುಗಿತೋ ಮೌಸ್ ವಾಲಿತೋ, ಅದಕ್ಕೆ ಎರಡೂ ಒಂದೇ. ಸುತ್ತಿಗೆ 24 ಹಲ್ಲಿರುವ ವೀಲ್ ಆದರೆ ಒಂದು ಹಲ್ಲಿಗೆ 15 ಡಿಗ್ರಿ. ಬರೀ ವಾಲಿಸಿ ಅಷ್ಟು ತಿರುಗಿಸುವುದು ಅಪರೂಪ. ಆದರೆ ಚಕ್ರ ಮೊದಲೇ ಗಡಿಯ ಹತ್ತಿರ ನಿಂತಿದ್ದರೆ ಚೂರು ವಾಲಿದರೂ ಸಾಕು, ಜೊತೆಗೆ ಇಡುವಾಗಿನ ಧಕ್ಕೆ ಬೇರೆ. ಬೆರಳು ವೀಲ್ ಮೇಲೇ ಇದ್ದರೆ ಅದು ತಡೆ ಹಿಡಿಯುತ್ತದೆ. ಆದರೆ ಗುಂಡು ಹಾರಿಸುವ ಹೊತ್ತಿಗೆ ಬೆರಳು ಬಟನ್ ಮೇಲೆ ಇರುತ್ತದೆ, ಅಲ್ವಾ?

ಹಾಗಾದರೆ ಪರಿಹಾರ? ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದೇ. ಆಟಕ್ಕೆ ಕೂರುವ ಮೊದಲು ವೀಲ್ ಅನ್ನು ಹಲ್ಲಿನ ಮೋಡ್‌ಗೆ ಹಾಕುವುದು. ಕೆಲವು ಮೌಸ್‌ಗಳಲ್ಲಿ ವೀಲ್‌ನ ಹಿಂದೆ ಒಂದು ಬಟನ್ ಇರುತ್ತದೆ, ಒತ್ತಿದರೆ ಒಳಗೆ ಕೊಂಡಿ ಬೀಳುತ್ತದೆ. ಇನ್ನು ಕೆಲವು ಮೌಸ್‌ಗಳು ಜೋರಾಗಿ ತಳ್ಳಿದಾಗ ತಾವೇ ಫ್ರೀ ಆಗುತ್ತವೆ. ಇವು ಆಟದಲ್ಲಿ ಜಾಸ್ತಿ ಅಪಾಯ, ಯಾಕೆಂದರೆ ಜಿಗಿಯಲು ನಾವು ಮಾಡುವುದೇ ಜೋರಾಗಿ ಎಳೆಯುವ ಕೆಲಸ. ಅಂಥದ್ದಿದ್ದರೆ ಮೌಸಿನ ಸಾಫ್ಟ್‌ವೇರ್‌ನಲ್ಲಿ ಆ ತಾನೇ ಬದಲಾಗುವ ಆಯ್ಕೆಯನ್ನು ಆಫ್ ಮಾಡಿ, ಹಲ್ಲಿನ ಮೋಡ್ ಅನ್ನೇ ಕಾಯಂ ಮಾಡಿ. ಬದಲಾಯಿಸಿದ ಮೇಲೆ ಆ ಎರಡು ಸಾಲಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ನನ್ನಲ್ಲಿ ಎತ್ತಿ ಇಟ್ಟಾಗ ಬರುವ KELAGE ಅಲ್ಲಿಗೆ ನಿಂತಿತು.

ಆದರೆ ಕೆಲಸದ ಮೌಸ್ ಕೂಡ ಇದೇ ಆದ್ದರಿಂದ ಫ್ರೀ ಮೋಡ್‌ನಲ್ಲೇ ಆಟಕ್ಕೆ ಬರುವ ದಿನ ಇದ್ದೇ ಇರುತ್ತದೆ. ಅದಕ್ಕೆ ಬೈಂಡ್ ಕಡೆಯಿಂದಲೂ ಕಾವಲು ಇಟ್ಟಿದ್ದೇನೆ. ನನ್ನ ಈಗಿನ ಸಾಲುಗಳು:

```
bind space +jump
bind mwheeldown +jump
unbind mwheelup
bind f8 "unbind mwheeldown"
bind f9 "bind mwheeldown +jump"
```

ಜಂಪ್ ಒಂದೇ ದಿಕ್ಕಿಗೆ. ಎರಡೂ ದಿಕ್ಕಿಗೆ ಹಾಕಿದರೆ ಅನುಕೂಲ ಅನ್ನುವವರಿದ್ದಾರೆ. ಫ್ರೀ ವೀಲ್ ಇದ್ದವರಿಗೆ ಅದು ಬೇಡವೇ ಬೇಡ, ಏಕೆಂದರೆ ಎತ್ತಿದಾಗಲೂ ಜಿಗಿತ, ಇಟ್ಟಾಗಲೂ ಜಿಗಿತ. ಕೆಳಗಿನ ದಿಕ್ಕು ಆರಿಸಿದ್ದು ಬೆರಳಿಗಾಗಿ. ಬೆರಳನ್ನು ನಮ್ಮ ಕಡೆಗೆ ಮಡಚುವುದು ಸುಲಭ, ಎಳೆದ ಕೊನೆಗೆ ಬೆರಳು ವೀಲ್ ಮೇಲೇ ಉಳಿಯುತ್ತದೆ. ಮುಂದಕ್ಕೆ ತಳ್ಳಿದರೆ ಬೆರಳು ಹಾರಿಹೋಗಿ ವೀಲ್ ಒಬ್ಬಂಟಿಯಾಗುತ್ತದೆ. ಮೇಲಿನ ದಿಕ್ಕನ್ನು ಖಾಲಿ ಬಿಟ್ಟಿದ್ದೇನೆ. ಮೊದಲಿಂದ ವೀಲ್‌ಗೆ ಇದ್ದದ್ದು ಗನ್ ಬದಲಾಯಿಸುವ ಕೆಲಸ, ಅದು ಹೋಗುತ್ತದೆ. 1, 2, 3 ಒತ್ತುವ ಅಭ್ಯಾಸ ಇಲ್ಲದವರಿಗೆ ಸ್ವಲ್ಪ ದಿನ ಕಷ್ಟ. F8 ಮತ್ತು F9 ನಿಮಗೆ ಬೇರೆ ಯಾವುದಕ್ಕಾದರೂ ಬೇಕಿದ್ದರೆ ಖಾಲಿ ಇರುವ ಬೇರೆ ಕೀ ಹಾಕಿಕೊಳ್ಳಿ. ಒಬ್ಬನೇ ಉಳಿದು ಸದ್ದಿಲ್ಲದೆ ಹೋಗಬೇಕಾದ ರೌಂಡ್‌ನಲ್ಲಿ ನಾನು F8 ಒತ್ತುತ್ತೇನೆ. ಸ್ಪೇಸ್ ಆಗಲೂ ಕೆಲಸ ಮಾಡುತ್ತದೆ.

ಇನ್ನೊಂದು ಕಳ್ಳ ಜಿಗಿತ ಬಂದಿದ್ದು ವೀಲ್ ಒತ್ತುವುದರಿಂದ. ಈ ಆಟದಲ್ಲಿ ವೀಲ್ ಒತ್ತಿದರೆ ಜೊತೆಗಾರರಿಗೆ ಜಾಗ ತೋರಿಸುವ ಪಿಂಗ್ ಬೀಳುತ್ತದೆ. ಒತ್ತುವಾಗ ಬೆರಳು ಚೂರು ಜಾರಿದರೂ ಒಂದು ಹಲ್ಲು ಸರಿಯುತ್ತದೆ. ಹಲ್ಲಿನ ಮೋಡ್‌ನಲ್ಲೂ ಇದು ನಿಲ್ಲುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪಿಂಗ್ ಅನ್ನು ಮೌಸಿನ ಪಕ್ಕದ ಬಟನ್‌ಗೆ ಬದಲಾಯಿಸಿದೆ, ಮುಗಿಯಿತು.

ಎಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಜಿಗಿದ ಕೂಡಲೇ ವೀಲ್ ತಿರುಗಿಸಬೇಡಿ, ಆ ಹಲ್ಲುಗಳೆಲ್ಲ ಗಾಳಿಯಲ್ಲೇ ವ್ಯರ್ಥ. ನೆಲ ತಾಗುವುದಕ್ಕೆ ಸ್ವಲ್ಪ ಮುಂಚೆ ಶುರು ಮಾಡಿ, ತಾಗಿದ ಮೇಲೆ ಒಂದೆರಡು ಹಲ್ಲು ಉಳಿಯುವ ಹಾಗೆ ಎಳೆಯಿರಿ. ಸರಿಯಾಗಿ ಬಿದ್ದರೆ ಕಾಲ ಸಪ್ಪಳ ನಿಲ್ಲದೆ ಮುಂದಕ್ಕೆ ಜಾರಿದಂತೆ ಅನಿಸುತ್ತದೆ. ತಪ್ಪಿದರೆ ನೆಲಕ್ಕೆ ಅಂಟಿಕೊಂಡ ಹಾಗೆ ವೇಗ ಇಳಿಯುತ್ತದೆ. ಮಾಮೂಲಿ ಮ್ಯಾಚ್‌ಗಳಲ್ಲಿ ಎಲ್ಲ ಸಲ ಸರಿಯಾಗಿ ಬೀಳುವುದೂ ಇಲ್ಲ, ಒಂದೆರಡು ಜಿಗಿತ ಸಿಕ್ಕರೆ ಅಷ್ಟೇ ಲಾಭ.

ಕೆಲವರು ವಿಂಡೋಸ್‌ನಲ್ಲಿ ಒಂದು ಸಲಕ್ಕೆ ಎಷ್ಟು ಸಾಲು ಸರಿಯಬೇಕು ಎಂಬ ಆಯ್ಕೆಯನ್ನು 3ರಿಂದ 1ಕ್ಕೆ ಇಳಿಸಿ ನೋಡು ಅಂದರು. ಅದರಿಂದ ಉಪಯೋಗವಿಲ್ಲ. ಅದು ಪುಟ ಎಷ್ಟು ಸರಿಯಬೇಕು ಎಂದು ಹೇಳುತ್ತದೆ. ವೀಲ್ ಎಷ್ಟು ಹಲ್ಲು ತಿರುಗಿತು ಎಂಬ ಸುದ್ದಿ ಆಟಕ್ಕೆ ಹಾಗೇ ಹೋಗುತ್ತದೆ. ಹೆಚ್ಚಾದ ಹಲ್ಲುಗಳನ್ನು ನುಂಗುವ ಸ್ಕ್ರಿಪ್ಟ್ ಹಾಕಿಕೋ ಎಂದವರೂ ಇದ್ದಾರೆ. ಚೀಟ್ ಹಿಡಿಯುವ ಸಾಫ್ಟ್‌ವೇರ್ ಇರುವ ಆಟದಲ್ಲಿ, ಕೀ ಮತ್ತು ಮೌಸ್ ನಡುವೆ ಕೈ ಹಾಕುವ ಯಾವ ಸ್ಕ್ರಿಪ್ಟನ್ನೂ ನಾನು ಓಡಿಸುವುದಿಲ್ಲ. ಒಂದು ಜಿಗಿತಕ್ಕಾಗಿ ಇಡೀ ಖಾತೆಯನ್ನು ಪಣಕ್ಕಿಡಬೇಕೇ?

ಇಷ್ಟೆಲ್ಲ ಆದ ಮೇಲೂ ಸುಮ್ನೆ ಕೂತಾಗ ಜಿಗಿದರೆ ವೀಲ್ ಒಳಗೇ ತೊಂದರೆ ಇದೆ ಎಂದು ತಿಳಿಯಿರಿ. ನಮ್ಮ ಕಡೆ ಧೂಳು ಗೊತ್ತೇ ಇದೆ, ಸಂಡೂರಿನ ಕೆಂಪು ಧೂಳು ಒಂದಾದರೆ ನನ್ನಂಥವರಿಗೆ ಜೀನ್ಸ್ ಬಟ್ಟೆಯ ನಾರು ಇನ್ನೊಂದು. ಗೊತ್ತಾಗುವುದು ಹೀಗೆ: ಹಲ್ಲಿನ ಮೋಡ್‌ನಲ್ಲಿ ಆ echo ಸಾಲುಗಳನ್ನು ಹಾಕಿ, ವೀಲ್ ಅನ್ನು ನಿಧಾನವಾಗಿ ಒಂದೇ ದಿಕ್ಕಿಗೆ, ಕೆಳಗೆ ಮಾತ್ರ ತಿರುಗಿಸಿ. ಸಾಲಾಗಿ KELAGE ಬರಬೇಕು. ನಡುನಡುವೆ MELE ನುಸುಳಿದರೆ ಎನ್‌ಕೋಡರ್ ಕೊಳೆಯಾಗಿದೆ ಅಥವಾ ಸವೆದಿದೆ. ಮೌಸ್ ಆಫ್ ಮಾಡಿ ಅಥವಾ ಕೇಬಲ್ ತೆಗೆದು, ವೀಲ್‌ನ ಸಂದಿಗೆ ಬ್ಲೋವರ್‌ನಿಂದ ಗಾಳಿ ಊದಿ, ನಾರು ಕಂಡರೆ ಚಿಮಟದಿಂದ ತೆಗೆಯಿರಿ. ಆಮೇಲೂ MELE ಬಂದರೆ ರಿಪೇರಿಯವರ ಹತ್ತಿರ ಎನ್‌ಕೋಡರ್ ಬದಲಾಯಿಸಬೇಕು. ಅಲ್ಲಿಯವರೆಗೆ F8 ಒತ್ತಿ, ಸ್ಪೇಸ್‌ನಲ್ಲೇ ಜಿಗಿಯಿರಿ.