ಬೋರ್ಡು ಕನ್ನಡದ್ದೋ ತೆಲುಗಿನದ್ದೋ? ತಲೆ ನೋಡಿ, ಬಲಗಡೆ ನೋಡಿ

ಜೋಗ ನೋಡಲು ಬಂದ ಉತ್ತರದ ಕಡೆಯ ನೆಂಟರು ‘ಕನ್ನಡ, ತೆಲುಗು ಲಿಪಿ ಎರಡೂ ಒಂದೇ ಥರ ಇದೆಯಲ್ಲ’ ಅಂದರೆ ಬೇಜಾರಾಗಬೇಡಿ. ಬೇರು ಒಂದೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಲ್ಲಿರುವ ಕದಂಬರ ಕಾಲದ ಲಿಪಿಯಿಂದಲೇ ಎರಡೂ ಬೆಳೆದು ಬಂದಿವೆ. ಎರಡನ್ನೂ ಓದಲು ಬಾರದವರಿಗೂ ಹೇಳಿಕೊಡಬಹುದಾದ ದಾರಿ ಇಲ್ಲಿದೆ.

ಮೊದಲು ಅಕ್ಷರದ ತಲೆ ನೋಡಿ. ನಮ್ಮ ‘ಕ’ದ ತಲೆಕಟ್ಟು ಅಡ್ಡಕ್ಕೆ ಮಲಗಿರುತ್ತದೆ, ಬಲತುದಿಯಲ್ಲಿ ಸ್ವಲ್ಪ ಸುರುಳಿ. ತೆಲುಗಿನ ‘క’ ನೋಡಿ: ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ಹಾಗೆ ಗೆರೆ ಕೆಳಗಿಳಿದು ಬಲಕ್ಕೆ ಮೇಲೇರುತ್ತದೆ. ತ, ನ, ರ, ಸ ಅಕ್ಷರಗಳಲ್ಲೂ ಇದೇ ವ್ಯತ್ಯಾಸ. ಆದರೆ ಜ, ಬ, ಲ ಹಿಡಿದು ಕೂರಬೇಡಿ, ಅವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಲಾರಿ ಹಿಂದೆ ಬಣ್ಣದಲ್ಲಿ ಬರೆಯುವವರು ತಲೆಕಟ್ಟನ್ನು ಮನಸ್ಸಿಗೆ ಬಂದ ಹಾಗೆ ಬಳುಕಿಸುತ್ತಾರೆ. ಅಲ್ಲಿ ತಲೆಯೊಂದನ್ನೇ ನಂಬಿದರೆ ಕೆಟ್ಟಿರಿ.

ಆಗ ಅಕ್ಷರದ ಬಲಗಡೆಗೆ ಕಣ್ಣು ಹಾಯಿಸಿ. ಬೇಕರಿಯ ‘ಬೇ’, ಹೋಟೆಲಿನ ‘ಹೋ’, ‘ಶ್ರೀ’ ಇವುಗಳಲ್ಲಿ ಅಕ್ಷರ ಮುಗಿದ ಮೇಲೆ ದೀರ್ಘದ ಚಿಹ್ನೆ ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತೆಲುಗಿನಲ್ಲಿ ಹಾಗಿಲ್ಲ, ಇಂಥ ದೀರ್ಘ ಸಾಮಾನ್ಯವಾಗಿ ಅಕ್ಷರದ ನೆತ್ತಿಯ ಮೇಲೇ ಮುಗಿಯುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಗುರುತು. ‘ಕಾ’, ‘ಕೂ’ಗಳಿಗೆ ಈ ಚಿಹ್ನೆ ಇಲ್ಲ, ಅವನ್ನು ಬಿಡಿ.

ಇನ್ನೊಂದು ಗುರುತು ಅರ್ಕಾವತ್ತು, ನಮ್ಮ ಅಂಕಿ ೯ರಂತೆ ಕಾಣುವ ಚಿಹ್ನೆ. ದುರ್ಗಿಗುಡಿ, ಗೋಪಿ ಸರ್ಕಲ್ ಎಂದು ಬರೆದಲ್ಲೆಲ್ಲ ಸಿಗುತ್ತದೆ. ಈಗಿನ ತೆಲುಗು ಬರಹದಲ್ಲಿ ಅದು ಬಳಕೆಯಲ್ಲಿಲ್ಲ.

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಒಂದು ಹೆಸರಿನಲ್ಲಿ ಇದನ್ನೆಲ್ಲ ಒಟ್ಟಿಗೆ ನೋಡೋಣ:

ತೀರ್ಥಹಳ್ಳಿ
తీర్థహళ్లి

ಮೇಲಿನ ಸಾಲಿನಲ್ಲಿ ‘ತ’ದ ಪಕ್ಕ ದೀರ್ಘದ ಚಿಹ್ನೆ ನಿಂತಿದೆ. ಕೆಳಗಿನದರಲ್ಲಿ ದೀರ್ಘ ತಲೆಯ ಮೇಲೇ ಸುತ್ತಿಕೊಂಡಿದೆ. ಮೇಲೆ ‘ಥ’ ಸಾಲಿನಲ್ಲೇ ಕೂತು, ಅದರ ಬಲಕ್ಕೆ ಅರ್ಕಾವತ್ತು ಬಂದಿದೆ. ಕೆಳಗೆ ‘ರ’ವೇ ಸಾಲಿನಲ್ಲಿದ್ದು, ‘ಥ’ ಒತ್ತಾಗಿ ಕೆಳಗಿಳಿದಿದೆ. ‘ಹ’ದ ತಲೆಯಂತೂ ಸರಿಯೇ, ಒಂದು ಮಲಗಿದ್ದರೆ ಇನ್ನೊಂದು ಮೇಲೆದ್ದಿದೆ.

ಒಂದು ಎಚ್ಚರಿಕೆ. ಅರ್ಕಾವತ್ತು ಕಂಡರೆ ಕನ್ನಡ ಅನ್ನಬಹುದು, ಕಾಣದಿದ್ದರೆ ತೆಲುಗು ಅನ್ನುವ ಹಾಗಿಲ್ಲ. ಕನ್ನಡದಲ್ಲೂ ಕೆಲವರು ‘ರ’ ಬರೆದು ಕೆಳಗೆ ಒತ್ತು ಕೊಡುತ್ತಾರೆ. ಬೋರ್ಡಿನಲ್ಲಿ ಒಂದೇ ಒಂದು ಚಿಕ್ಕ ಪದವಿದ್ದು, ಅದರಲ್ಲಿ ದೀರ್ಘವೂ ಇಲ್ಲ, ಅರ್ಕಾವತ್ತೂ ಇಲ್ಲ ಅಂದರೆ ಸುಮ್ನೆ ಊಹಿಸಬೇಡಿ. ಕೆಳಗಿನ ವಿಳಾಸದ ಸಾಲು ನೋಡಿ, ಕನ್ನಡದ್ದಾದರೆ ‘ರಸ್ತೆ’ಯ ‘ರ’ ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ.